ಎರಡೂವರೆ ಸಾವಿರ ಪದಗಳ ಕಥೆ 300 ಪದದೊಳಗೆ ಇಳಿದ ಬಗೆ

ಕಿರುಗತೆ ಬರೆಯುವವರ ನಡುವೆ ಒಂದು ನಂಬಿಕೆ ಇದೆ: ಉದ್ದದ ಕಥೆಯನ್ನು ಕತ್ತರಿಸುತ್ತ ಹೋದರೆ ಕೊನೆಗೆ ಉಳಿಯುವುದೇ ಕಿರುಗತೆ. ಇದು ನಿಜವಲ್ಲ ಎಂಬುದು ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಒಂದು ನಿರ್ದಿಷ್ಟ ಕಥೆಯ ಕೆಲಸದಲ್ಲಿ. ಅದನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತೇನೆ. ಕಥೆ ನನ್ನದಲ್ಲ, ತುಮಕೂರು ಸೀಮೆಯ ಗೆಳೆಯರೊಬ್ಬರದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾರೆ.

ಅವರ ಕೈಯಲ್ಲಿದ್ದದ್ದು ಸುಮಾರು ಎರಡೂವರೆ ಸಾವಿರ ಪದಗಳ ಕಥೆ. ಅದನ್ನು ಕಳಿಸಬೇಕಿದ್ದ ಕಡೆ ಮಿತಿ 300 ಪದ. ಕಿರುಗತೆಯಲ್ಲಿ ಅಳತೆಗಳು ಹಲವು. 1000 ಪದದೊಳಗಿನ ಯಾವುದನ್ನೂ ಕಿರುಗತೆ ಅನ್ನುವವರಿದ್ದಾರೆ, ಸರಿಯಾಗಿ 100 ಪದಕ್ಕೆ ನಿಲ್ಲಬೇಕೆಂಬ ಡ್ರ್ಯಾಬಲ್ ಎನ್ನುವ ಬಗೆಯೂ ಇದೆ. ನಮ್ಮಲ್ಲಿ ನ್ಯಾನೋ ಕಥೆ ಅಂತ ಕರೆಯುವುದು ಹಲವು ಸಲ ಒಂದೆರಡು ವಾಕ್ಯದ ಚಮತ್ಕಾರ ಅಷ್ಟೆ. 300 ಇವುಗಳ ನಡುವಿನ ಅಳತೆ. ಒಂದು ಮಾತಿನ ತಿರುವಿಗೆ ಅದು ಹೆಚ್ಚು, ಒಂದು ಬದುಕಿನ ಕಥೆಗೆ ಬಹಳ ಕಡಿಮೆ. ಇಷ್ಟರಲ್ಲಿ ಪೂರ್ತಿ ಕಥೆ ನಿಲ್ಲಬೇಕು, ಅಂದರೆ ಒಬ್ಬ ಮನುಷ್ಯ ಏನನ್ನೋ ಬಯಸಿ ಹೊರಟು, ಎಲ್ಲೋ ಎಡವಿ, ಕೊನೆಗೆ ಮೊದಲಿನವನಾಗಿ ಉಳಿಯದೆ ಹೋಗಬೇಕು.

ಮೂಲ ಕಥೆ ಹೀಗಿತ್ತು. ಅಪ್ಪ ತೀರಿಕೊಂಡ ಮೇಲೆ ತಿಮ್ಮಣ್ಣ, ರಂಗ ಎಂಬ ಅಣ್ಣತಮ್ಮಂದಿರು ಪಾಲಾಗುತ್ತಾರೆ. ಹೊಲ ಎರಡಾಗುತ್ತದೆ, ಬೋರ್‌ವೆಲ್ ಮಾತ್ರ ಒಂದೇ. ಹಗಲು ಒಬ್ಬರಿಗೆ, ರಾತ್ರಿ ಇನ್ನೊಬ್ಬರಿಗೆ ಎಂದು ಸರದಿ ಮಾಡಿಕೊಳ್ಳುತ್ತಾರೆ. ತ್ರೀ ಫೇಸ್ ಕರೆಂಟು ಬಂದಾಗ ಮೋಟಾರು ಹಾಕಿ ನೀರು ಕಟ್ಟಬೇಕು. ಬೇಸಗೆಯಲ್ಲಿ ನೀರು ಕಡಿಮೆಯಾದಾಗ ಅನುಮಾನ ಶುರುವಾಗುತ್ತದೆ. ಓರಗಿತ್ತಿಯರ ಮಾತು ಬೆಳೆಯುತ್ತದೆ. ಊರ ಹಿರಿಯರು ಸೇರಿ ಸ್ಟಾರ್ಟರ್ ಪೆಟ್ಟಿಗೆಗೆ ಒಂದು ಬೀಗ ಹಾಕಿಸಿ, ಎರಡು ಬೀಗದಕೈ ಮಾಡಿಸಿ ಇಬ್ಬರಿಗೂ ಕೊಡುತ್ತಾರೆ: ಒಬ್ಬನ ಸರದಿಯಲ್ಲಿ ಇನ್ನೊಬ್ಬ ಮುಟ್ಟಕೂಡದು. ಅದೂ ನಿಲ್ಲದೆ ಕೇಸು ಕೋರ್ಟಿಗೆ ಹೋಗುತ್ತದೆ. ಆಮೇಲೊಮ್ಮೆ ತಿಮ್ಮಣ್ಣ ಜ್ವರದಲ್ಲಿ ಮಲಗಿದ್ದಾಗ ರಂಗ ಅಣ್ಣನ ಸರದಿಯಲ್ಲಿ ಮೋಟಾರು ಹಾಕಿ ಅಣ್ಣನ ಹೊಲಕ್ಕೇ ನೀರು ಕಟ್ಟುತ್ತಾನೆ. ವಿಷಯ ಗೊತ್ತಾಗಿ ಗೌರಿ ಹಬ್ಬದ ದಿನ ಇಬ್ಬರೂ ದೇವಸ್ಥಾನದ ಮುಂದೆ ತಬ್ಬಿಕೊಂಡು ಅಳುತ್ತಾರೆ.

ಗಟ್ಟಿ ಕಥೆ. ಬರೆದವರಿಗೆ ಆ ಬದುಕು ಗೊತ್ತಿತ್ತು. ಕೊನೆಯ ತಬ್ಬುಗೆ ಮಾತ್ರ ನನಗೆ ಉದ್ದದ ರೂಪದಲ್ಲೂ ಸರಿ ಕಾಣಲಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಹಾಗೆ ಸುಲಭಕ್ಕೆ ತಬ್ಬಿಕೊಳ್ಳುವವರಲ್ಲ.

ಎಲ್ಲವನ್ನೂ ಹಿಂಡಿದಾಗ

ಗೆಳೆಯರು ಮೊದಲು ಮಾಡಿದ್ದು ಹೆಚ್ಚಿನವರು ಮಾಡುವ ಕೆಲಸ. ಪ್ರತಿ ಭಾಗವನ್ನೂ ಅದರದರ ಪ್ರಮಾಣಕ್ಕೆ ಕುಗ್ಗಿಸಿದರು. ಫಲಿತಾಂಶದ ಒಂದು ತುಣುಕು:

"ಅಪ್ಪ ತೀರಿಕೊಂಡ ಮೇಲೆ ತಿಮ್ಮಣ್ಣ ಮತ್ತು ರಂಗ ಹೊಲ ಹಂಚಿಕೊಂಡು, ಒಂದೇ ಬೋರ್‌ವೆಲ್ ಇದ್ದುದರಿಂದ ಸರದಿ ಮಾಡಿಕೊಂಡರು. ಸ್ವಲ್ಪ ದಿನಗಳ ನಂತರ ನೀರಿಗಾಗಿ ಜಗಳ ಶುರುವಾಗಿ, ಹಿರಿಯರು ಸೇರಿ ಬೀಗ ಹಾಕಿಸಿದರೂ ಕೇಳದೆ, ಕೊನೆಗೆ ಕೋರ್ಟು ಹತ್ತಿದರು. ಹೀಗಿರುವಾಗ ಒಂದು ದಿನ ತಿಮ್ಮಣ್ಣನಿಗೆ ಜ್ವರ ಬಂತು."

ಇದರಲ್ಲಿ ತಪ್ಪು ವಾಕ್ಯ ಒಂದೂ ಇಲ್ಲ. ಆದರೆ ಓದುವವರು ನಿಲ್ಲುವ ಜಾಗವೂ ಒಂದಿಲ್ಲ. ಎಲ್ಲ ವಾಕ್ಯಗಳೂ ಒಂದೇ ಎತ್ತರದಲ್ಲಿವೆ. ಅಪ್ಪನ ಸಾವಿಗೂ ಜ್ವರಕ್ಕೂ ಒಂದೇ ತೂಕ. ಕನ್ನಡದಲ್ಲಿ ಈ ಅಪಾಯ ಸ್ವಲ್ಪ ಹೆಚ್ಚೇ ಅಂತ ನನ್ನ ಅನಿಸಿಕೆ. ಹಂಚಿಕೊಂಡು, ಶುರುವಾಗಿ, ಸೇರಿ, ಕೇಳದೆ ಎಂದು ಕ್ರಿಯೆಗಳನ್ನು ಒಂದಕ್ಕೊಂದು ಪೋಣಿಸುತ್ತ ಹೋದರೆ ಹತ್ತು ವರ್ಷ ಒಂದೇ ವಾಕ್ಯದಲ್ಲಿ ಸರಾಗವಾಗಿ ಜಾರಿಹೋಗುತ್ತದೆ. ಆ ಸರಾಗವೇ ಬರೆಯುವವರನ್ನು ಮೋಸಗೊಳಿಸುತ್ತದೆ. ಪದ ಉಳಿಯಿತು ಅನ್ನಿಸುತ್ತದೆ, ಉಳಿದಿರುವುದು ವರದಿ.

ಗುರುತು ಹಿಡಿಯುವುದು ಕಷ್ಟವಲ್ಲ. ಪ್ಯಾರಾಗಳ ಮೊದಲ ಪದ ನೋಡಿ. ಆಮೇಲೆ, ಸ್ವಲ್ಪ ದಿನಗಳ ನಂತರ, ಹೀಗಿರುವಾಗ, ಕೊನೆಗೆ ಎಂಬಂಥವು ಸಾಲುಗಟ್ಟಿದ್ದರೆ ಬರೆದವರು ಕಥೆ ಹೇಳುತ್ತಿಲ್ಲ, ಕಥೆಯ ಮೇಲೆ ಹಾರಿ ಹೋಗುತ್ತಿದ್ದಾರೆ. ಇನ್ನೊಂದು ಪರೀಕ್ಷೆಯೂ ಇದೆ. ಯಾವುದಾದರೊಂದು ವಾಕ್ಯವನ್ನು ತೆಗೆದು ನೋಡಿ. ತೆಗೆದಾಗ ಕಳೆದುಹೋಗುವುದು ಬರೀ ಮಾಹಿತಿಯಾಗಿದ್ದರೆ, ಆ ವಾಕ್ಯ ದೃಶ್ಯದ ಭಾಗವಾಗಿರಲಿಲ್ಲ.

ಇದನ್ನು ಹೇಳಿದಾಗ ಗೆಳೆಯರು ಇನ್ನೊಂದು ತುದಿಗೆ ಹೋದರು. ಹಿನ್ನೆಲೆಯನ್ನೆಲ್ಲ ಬಿಟ್ಟು, ಬೆಳಗ್ಗೆ ತಿಮ್ಮಣ್ಣ ತನ್ನ ಹೊಲದಲ್ಲಿ ನೀರು ಹರಿದಿರುವುದನ್ನು ಕಾಣುವ ಒಂದೇ ನೋಟವನ್ನು ಬರೆದರು. ಒದ್ದೆ ಮಣ್ಣಿನ ವಾಸನೆ, ಬದುವಿನ ಮೇಲಿನ ಹುಲ್ಲು, ಕೊಕ್ಕರೆ ಎಲ್ಲ ಇತ್ತು. ಓದಲು ಚೆನ್ನಾಗಿತ್ತು. ಆದರೆ ಕಥೆಯ ಹಿನ್ನೆಲೆ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟಾಗ ಅವರು ಕೇಳಿದ್ದು "ಚೆನ್ನಾಗಿದೆ, ಆದರೆ ಅವನಿಗೆ ಏನಾಯ್ತು?" ಅಂತ. ಆ ಪ್ರಶ್ನೆ ನ್ಯಾಯವಾದದ್ದು. ಒಬ್ಬ ಮನುಷ್ಯ ಒದ್ದೆ ಹೊಲ ನೋಡಿದ, ಅವನ ಕಣ್ಣು ತುಂಬಿತು. ಏಕೆ ತುಂಬಿತು ಎಂಬುದಕ್ಕೆ ಪುಟದಲ್ಲಿ ಆಧಾರವಿರಲಿಲ್ಲ. ಕಿರುಗತೆ ಎಂದು ಓಡಾಡುವ ಬರಹಗಳಲ್ಲಿ ಬಹುಪಾಲು ಈ ಜಾತಿಯವು. ಅವು ಚಿತ್ರಗಳು, ಕಥೆಗಳಲ್ಲ. ಚಿತ್ರ ಬರೆಯುವುದು ತಪ್ಪಲ್ಲ. ನಮಗೆ ಬೇಕಿದ್ದದ್ದು ಮಾತ್ರ ಅದಲ್ಲ.

ಯಾರು ಬದಲಾಗುತ್ತಾರೆ

ನಾವಿಬ್ಬರೂ ಕೂತು ಮೊದಲು ಕೇಳಿಕೊಂಡ ಪ್ರಶ್ನೆ: ಈ ಕಥೆಯಲ್ಲಿ ಬದಲಾಗುವವರು ಯಾರು? ಉದ್ದದ ರೂಪದಲ್ಲಿ ಇಬ್ಬರೂ ಬದಲಾಗುತ್ತಾರೆ. ರಂಗ ದ್ವೇಷ ಬಿಟ್ಟು ಅಣ್ಣನ ಹೊಲಕ್ಕೆ ಇಳಿಯುತ್ತಾನೆ, ತಿಮ್ಮಣ್ಣ ಅದನ್ನು ಕಂಡು ಕರಗುತ್ತಾನೆ. 300 ಪದದಲ್ಲಿ ಎರಡು ಬದಲಾವಣೆ ಹಿಡಿಸುವುದಿಲ್ಲ. ಹಿಡಿಸಲು ಹೋದರೆ ಎರಡೂ ಅರ್ಧವಾಗುತ್ತವೆ. ಒಬ್ಬನನ್ನು ಆರಿಸಲೇಬೇಕು.

ಗೆಳೆಯರ ಒಲವು ರಂಗನ ಕಡೆಗಿತ್ತು. ಒಳ್ಳೆಯ ಕೆಲಸ ಮಾಡಿದವನು ಅವನು. ನಾನು ತಿಮ್ಮಣ್ಣನೇ ಇರಲಿ ಎಂದೆ. ಒಳ್ಳೆಯ ಕೆಲಸ ಮಾಡುವವನ ಬದಲಾವಣೆ ಮನಸ್ಸಿನೊಳಗೆ ನಡೆದುಹೋಗಿರುತ್ತದೆ. ಅದನ್ನು ತೋರಿಸಲು ಹಿಂದಿನ ಕಥೆ ಬೇಕು, ಯೋಚನೆ ಬೇಕು, ಪದ ಬೇಕು. ತಿಮ್ಮಣ್ಣನದು ಹಾಗಲ್ಲ. ಅವನಲ್ಲೊಂದು ತಪ್ಪು ತಿಳಿವಳಿಕೆ ಇದೆ. ತಪ್ಪು ತಿಳಿದವನು ಒಂದು ವಸ್ತುವನ್ನು ಕಣ್ಣಾರೆ ಕಂಡು ಮುರಿಯುವುದನ್ನು ಹೊರಗಿನಿಂದಲೇ ತೋರಿಸಬಹುದು. ಕಡಿಮೆ ಜಾಗದಲ್ಲಿ ಪೂರ್ತಿ ಕಥೆ ಹೇಳಬೇಕಾದಾಗ ಇಂಥ ಪಾತ್ರವನ್ನೇ ಹುಡುಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನ ಪ್ರಶ್ನೆ: ಅವನಿಗೆ ಏನು ಬೇಕು? ಉದ್ದದ ಕಥೆಯಲ್ಲಿ ಅವನಿಗೆ ಬೇಕಾಗಿದ್ದದ್ದು ನ್ಯಾಯ. ನ್ಯಾಯ ಕೈಗೆ ಸಿಗುವ ವಸ್ತುವಲ್ಲ, ಅದನ್ನು ಹುಡುಕಿಕೊಂಡು ಬೆಳಗ್ಗೆ ಎದ್ದು ನಡೆಯಲಾಗದು. ಇಲ್ಲಿ ಮೂಲ ಕಥೆಯ ಒಂದು ಸಣ್ಣ ವಿವರ ನಮ್ಮ ಸಹಾಯಕ್ಕೆ ಬಂತು. ಹಿರಿಯರು ಹಾಕಿಸಿದ ಬೀಗ, ಇಬ್ಬರಿಗೂ ಒಂದೊಂದು ಕೈ. ಮೂಲದಲ್ಲಿ ಅದು ಒಂದು ಸಾಲಿನಲ್ಲಿ ಬಂದು ಮರೆಯಾಗಿತ್ತು. ಕೇಸು ನಡೆಯುತ್ತಿದೆ ಅಂದಮೇಲೆ ತಿಮ್ಮಣ್ಣನಿಗೆ ಬೇಕಾದದ್ದು ಸಾಕ್ಷಿ. ತನ್ನ ಸರದಿಯಲ್ಲಿ ತಮ್ಮ ಬೀಗ ತೆಗೆದ ಎಂಬುದಕ್ಕೆ ಒಂದು ಫೋಟೊ. ಹಾಗಾದರೆ ರಂಗ ಮಾಡಿದ ಉಪಕಾರ, ಆ ರಾತ್ರಿಯ ಮಟ್ಟಿಗೆ, ಅಣ್ಣ ವರ್ಷಗಳಿಂದ ಕಾಯುತ್ತಿದ್ದ ಅಪರಾಧವೇ ಆಗುತ್ತದೆ. ಒಂದೇ ಕ್ರಿಯೆಗೆ ಎರಡು ಮುಖ. ಕಥೆಯ ಎರಡೂ ತುದಿ ಒಂದು ಬೀಗಕ್ಕೆ ಬಂದು ಸೇರಿದವು.

ಗಮನಿಸಿ, ಇದು ಕತ್ತರಿಸುವಿಕೆ ಅಲ್ಲ. ಫೋಟೊ ಹೊಡೆಯುವ ಮಾತು ಮೂಲ ಕಥೆಯಲ್ಲಿ ಇರಲೇ ಇಲ್ಲ. ಕಥೆ ಚಿಕ್ಕದಾಗಬೇಕಾದರೆ ಕೆಲವೊಮ್ಮೆ ಹೊಸದನ್ನು ಸೇರಿಸಬೇಕಾಗುತ್ತದೆ, ಮೊದಲು ಹತ್ತು ಕಡೆ ಹರಡಿದ್ದ ಭಾರವನ್ನು ಹೊರಬಲ್ಲ ಒಂದು ವಸ್ತುವನ್ನು.

ಆಮೇಲೆ ಉಳಿದದ್ದು ಲೆಕ್ಕ. ಒದ್ದೆ ಹೊಲದ ಮುಂದೆ ತಿಮ್ಮಣ್ಣ ನಿಲ್ಲುವ ಹೊತ್ತಿಗೆ ಓದುಗರಿಗೆ ಯಾವ ಯಾವ ಸಂಗತಿ ಗೊತ್ತಿರಲೇಬೇಕು? ಅಂದು ಅವನ ಸರದಿ, ಅವನು ಏಳಲಾರದ ಸ್ಥಿತಿಯಲ್ಲಿದ್ದ. ಇನ್ನೊಂದು ಬೀಗದಕೈ ತಮ್ಮನ ಬಳಿ ಇದೆ. ಕೇಸು ನಡೆಯುತ್ತಿದೆ, ಸಾಕ್ಷಿ ಸಿಕ್ಕಿಲ್ಲ. ಎರಡೂ ಹೊಲಕ್ಕೆ ನೀರು ಒಂದೇ ಕಾಲುವೆಯಿಂದ ಕವಲೊಡೆಯುತ್ತದೆ. ಇಷ್ಟೇ. ಬೋರ್‌ವೆಲ್ ಎಷ್ಟು ಅಡಿ, ಯಾರ ಸಾಲ, ಹಿರಿಯರು ಏನಂದರು, ಓರಗಿತ್ತಿಯರು ಏಕೆ ಮಾತು ಬಿಟ್ಟರು, ಯಾವುದೂ ಆ ಕ್ಷಣಕ್ಕೆ ಬೇಕಿಲ್ಲ. ಅಪ್ಪ ಬೇಕು, ಆದರೆ ಅವರ ಸಾವು ಬೇಕಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಬೇಕಾದ ಸಂಗತಿಗಳನ್ನು ನಿರೂಪಕನ ಬಾಯಲ್ಲಿ ಹೇಳಿಸಿದರೆ ಮತ್ತೆ ವರದಿಯೇ. ಅವು ಯಾರಾದರೊಬ್ಬರ ಸಿಟ್ಟಿನೊಳಗೆ, ಜಗಳದೊಳಗೆ, ಓಡಾಟದೊಳಗೆ ಬರಬೇಕು. ಕೊನೆಗೆ ನಿಂತ ರೂಪ ಇದು.

ಸಾಕ್ಷಿ

ತನ್ನ ಸರದಿಯ ರಾತ್ರಿ ಮೋಟಾರು ಓಡುವ ಸದ್ದು ಕೇಳಿ ತಿಮ್ಮಣ್ಣ ಜ್ವರದಲ್ಲೇ ಎದ್ದು ಕೂತ.

"ಕೇಳುಸ್ತಾ?"

ಲಕ್ಕಮ್ಮ ಅವನ ಹಣೆಯಿಂದ ಜಾರಿದ ಒದ್ದೆ ಬಟ್ಟೆ ಎತ್ತಿಕೊಂಡಳು. "ಮಲಕ್ಕಳಿ. ಮೈ ಕೆಂಡದಂಗೈತೆ."

"ಇನ್ನೊಂದು ಬೀಗದಕೈ ಇರೋದು ಅವನತ್ರಾನೇ. ನಾನು ಬಿದ್ಕಂಡಿರೋದು ಗೊತ್ತಾಗೈತೆ. ಕದೀತಾವ್ನೆ."

ಏಳಲು ನೋಡಿದ. ಕಾಲು ನಿಲ್ಲಲಿಲ್ಲ. ಕರೆಂಟು ಹೋಗುವವರೆಗೂ ಆ ಸದ್ದನ್ನೇ ಕೇಳುತ್ತ ಬಿದ್ದುಕೊಂಡಿದ್ದ.

ಬೆಳಕು ಹರಿಯುತ್ತಲೇ ಮಗನ ಮೊಬೈಲು ಜೇಬಿಗೆ ಹಾಕಿಕೊಂಡು ಕೋಲೂರಿ ಹೊರಟ. ಮೂರು ವರ್ಷದಿಂದ ಲಾಯರು ಕೇಳುತ್ತಿದ್ದುದು ಇದೊಂದನ್ನೇ. ನಿಮ್ಮ ಸರದಿಯಲ್ಲಿ ತಮ್ಮ ಬೀಗ ತೆಗೀತಾನೆ ಅನ್ನೋದಕ್ಕೆ ಏನಿದೆ?

ಸ್ಟಾರ್ಟರ್ ಪೆಟ್ಟಿಗೆಯ ಬೀಗ ಹಿಂದುಮುಂದಾಗಿ ನೇತಾಡುತ್ತಿತ್ತು. ತಿಮ್ಮಣ್ಣ ಯಾವತ್ತೂ ಹಾಗೆ ಹಾಕಿದವನಲ್ಲ. ಫೋಟೊ ಹೊಡೆದ. ಹತ್ತಿರದಿಂದ ಇನ್ನೊಂದು. ಲಾಯರಿಗೆ ಫೋನು ಹಚ್ಚಿದ; ಎತ್ತಲಿಲ್ಲ.

ಒದ್ದೆ ಕಾಲುವೆ ಹಿಡಿದು ನಡೆದ. ಕವಲಿನಲ್ಲಿ ಎಡಕ್ಕೆ ತಮ್ಮನ ಹೊಲ, ಬಲಕ್ಕೆ ತನ್ನದು. ಮೊಬೈಲನ್ನು ಎಡಕ್ಕೆ ಎತ್ತಿ ಹಿಡಿದ.

ಎಡಗಡೆಯ ಮಡೆ ಮುಚ್ಚಿತ್ತು. ಅದರಾಚೆ ರಂಗನ ಮೆಣಸಿನ ಸಾಲುಗಳು ಬಿರಿದುಕೊಂಡು ಒಣಗಿದ್ದವು.

ಬಲಗಡೆ ನೀರು ಇನ್ನೂ ಇಂಗುತ್ತಿತ್ತು. ಕೊನೆಯ ಸಾಲಿನ ತನಕ. ಒಂದೊಂದು ಸಾಲಿನ ತಲೆಗೂ ಮಣ್ಣು ಏರಿಸಿ, ಮೇಲೊಂದು ಹಿಡಿ ಹುಲ್ಲಿಟ್ಟು, ಸನಿಕೆಯ ಬೆನ್ನಿನಿಂದ ತಟ್ಟಿತ್ತು. ಹಾಗೆ ಕಟ್ಟುತ್ತಿದ್ದದ್ದು ಅಪ್ಪ. ಕಲಿಸಿದ್ದು ಇಬ್ಬರಿಗೇ.

ತಿಮ್ಮಣ್ಣ ಬದುವಿನ ಮೇಲೆ ಕೂತ. ಮೊಬೈಲು ಬಡಿದುಕೊಂಡಿತು.

"ಏನ್ ತಿಮ್ಮಣ್ಣ, ಇಷ್ಟು ಬೆಳಿಗ್ಗೆ? ಏನಾದ್ರೂ ಸಿಕ್ತಾ?"

"ರಾತ್ರಿ ಬೀಗ ತೆಗ್ದಿತ್ತು ಸ್ವಾಮಿ."

"ಯಾರು? ಅವನೇನಾ?"

ತಿಮ್ಮಣ್ಣ ತಮ್ಮನ ಸಾಲುಗಳನ್ನೇ ನೋಡುತ್ತಿದ್ದ.

"ಇಲ್ಲ ಸ್ವಾಮಿ. ನಾನೇ ತೆಗ್ದಿದ್ದು."

ಬಿಡಿಸಿ ನೋಡಿದಾಗ

ಮೊದಲ ವಾಕ್ಯ ನೋಡಿ. "ತನ್ನ ಸರದಿಯ ರಾತ್ರಿ" ಎಂಬಲ್ಲಿ ಪಾಲು, ಒಂದೇ ಬೋರ್‌ವೆಲ್, ಹಂಚಿಕೆ ಎಲ್ಲವೂ ಅಡಗಿದೆ. ಹೊಲದ ಬದುಕು ಬಲ್ಲವರಿಗೆ ಆ ಮೂರು ಪದ ಸಾಕು. ಅರಿಯದವರಿಗೂ ಯಾರದೋ ಸರದಿಯಲ್ಲಿ ಇನ್ಯಾರೋ ಏನೋ ಮಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಮೂಲ ಕಥೆಯಲ್ಲಿ ಇಷ್ಟನ್ನು ಹೇಳಲು ಒಂದು ಪುಟವೇ ಬೇಕಾಗಿತ್ತು. ಕಥೆಯನ್ನು ಎಷ್ಟು ತಡವಾಗಿ ಶುರುಮಾಡಬಹುದೋ ಅಷ್ಟು ತಡವಾಗಿ ಮಾಡಿದ್ದರಿಂದ ಹಿಂದಿನದೆಲ್ಲ ಈಗಿನ ಸಿಟ್ಟಿಗೆ ಕಾರಣವಾಗಿ ಮಾತ್ರ ಬರುತ್ತದೆ. ಬೀಗದಕೈ ವಿಷಯವನ್ನು ನಿರೂಪಕ ಹೇಳುವುದಿಲ್ಲ, ತಿಮ್ಮಣ್ಣ ಹೆಂಡತಿಯ ಮೇಲೆ ಕೂಗುತ್ತ ಹೇಳುತ್ತಾನೆ. ಅವಳಿಗೆ ಅದು ಗೊತ್ತೇ ಇದೆ ಎಂಬುದು ನಿಜ. ಆದರೆ ಸಿಟ್ಟಿನಲ್ಲಿರುವವರು ಗೊತ್ತಿದ್ದದ್ದನ್ನೇ ಮತ್ತೆ ಹೇಳುತ್ತಾರೆ, ಹಾಗಾಗಿ ಮಾತು ಸಹಜವಾಗಿ ಕೇಳುತ್ತದೆ. ಸಿಟ್ಟಿಲ್ಲದ ಹೊತ್ತಿನಲ್ಲಿ ಇದೇ ಮಾತು ಬಂದಿದ್ದರೆ ಓದುಗರಿಗಾಗಿ ಹೇಳಿಸಿದ ಹಾಗೆ ಕಾಣುತ್ತಿತ್ತು.

ಕೋರ್ಟು ಎಂಬ ಪದ ಕಥೆಯಲ್ಲಿ ಎಲ್ಲೂ ಇಲ್ಲ. ಶೀರ್ಷಿಕೆ ಮತ್ತು ಲಾಯರು ಸೇರಿ ಆ ಕೆಲಸ ಮಾಡುತ್ತಾರೆ. ಸ್ಪರ್ಧೆ, ಪತ್ರಿಕೆಗಳಲ್ಲಿ ಶೀರ್ಷಿಕೆಯನ್ನು ಸಾಮಾನ್ಯವಾಗಿ ಪದಮಿತಿಗೆ ಸೇರಿಸುವುದಿಲ್ಲ, ಆದ್ದರಿಂದ ಕಿರುಗತೆಯಲ್ಲಿ ಅದನ್ನು ಅಲಂಕಾರಕ್ಕೆ ಬಳಸುವುದು ನಷ್ಟ. ಗೆಳೆಯರು ಮೊದಲು ಇಟ್ಟಿದ್ದ ಶೀರ್ಷಿಕೆ "ನೀರಿನ ಋಣ". ಅದು ಕಥೆಯ ಅರ್ಥವನ್ನು ಮುಂಚೆಯೇ ಹೇಳಿಬಿಡುತ್ತಿತ್ತು, ಜೊತೆಗೆ ಕಥೆಗೆ ಬೇಕಾದ ಸಂಗತಿ ಒಂದನ್ನೂ ಕೊಡುತ್ತಿರಲಿಲ್ಲ.

ಅಪ್ಪನ ವಿಷಯ. ಮೂಲದಲ್ಲಿ ಅವರ ಸಾವು, ತಿಥಿ, ಕೊನೆಯ ಮಾತು ಎಲ್ಲ ಇತ್ತು. ಇಲ್ಲಿ ಅವರು ಬರುವುದು ಎರಡು ಚಿಕ್ಕ ವಾಕ್ಯದಲ್ಲಿ, ಅದೂ ಮಣ್ಣು ತಟ್ಟಿದ ರೀತಿಯಾಗಿ. ಈ ವಿವರ ಎರಡು ಕೆಲಸ ಮಾಡಬೇಕಿತ್ತು. ನೀರು ಕಟ್ಟಿದವನು ರಂಗನೇ ಎಂಬುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು, ಮತ್ತು ಅಣ್ಣತಮ್ಮಂದಿರಿಗೆ ಪಾಲಾಗದೆ ಉಳಿದದ್ದು ಒಂದಿದೆ ಎಂಬುದನ್ನು ಕಾಣಿಸಬೇಕು. ಎರಡನೆಯದನ್ನು ಬಾಯಿಬಿಟ್ಟು ಹೇಳಿದ್ದ ಒಂದು ವಾಕ್ಯ ನಡುವಿನ ರೂಪದಲ್ಲಿತ್ತು: "ಹೊಲ ಪಾಲಾದರೂ ಕೈಗಳು ಪಾಲಾಗಿರಲಿಲ್ಲ." ಗೆಳೆಯರಿಗೆ ಅದು ಬಹಳ ಇಷ್ಟ. ತೆಗೆಯಲು ಒಪ್ಪಿಸಲು ಹೊತ್ತು ಹಿಡಿಯಿತು. ಕಂಡದ್ದನ್ನು ಮತ್ತೆ ವಿವರಿಸುವ ವಾಕ್ಯ ಉದ್ದದ ಕಥೆಯಲ್ಲಿ ಹೇಗೋ ನಡೆದುಹೋಗುತ್ತದೆ. 300 ಪದದಲ್ಲಿ ಅದು ಓದುಗರ ಕೈಯಿಂದ ಕಥೆಯನ್ನು ಕಿತ್ತುಕೊಳ್ಳುತ್ತದೆ.

ಪದಗಳು ಹಂಚಿಹೋದ ರೀತಿಯನ್ನೂ ಗಮನಿಸಬೇಕು. ಮೂರು ವರ್ಷದ ಕೇಸಿಗೆ ಒಂದೆರಡು ವಾಕ್ಯ. ಒಂದು ಇಡೀ ರಾತ್ರಿಗೆ ಇನ್ನೊಂದು. ಆದರೆ ಬೀಗದಿಂದ ಒದ್ದೆ ಸಾಲಿನವರೆಗಿನ ಕೆಲವೇ ನಿಮಿಷದ ನಡಿಗೆಗೆ ಕಥೆಯ ಮೂರನೇ ಒಂದರಷ್ಟು ಜಾಗ. ಕಾಲವನ್ನು ಹೀಗೆ ಒಂದು ಕಡೆ ಹಿಂಡಿ ಇನ್ನೊಂದು ಕಡೆ ಸಡಿಲ ಬಿಡಬೇಕು. ತಿರುವು ಇರುವಲ್ಲಿ ಜಿಪುಣತನ ಮಾಡಿದರೆ ಓದುಗರು ಅದನ್ನು ದಾಟಿಹೋಗಿಬಿಡುತ್ತಾರೆ. ಎಡಕ್ಕೆ ಮೊಬೈಲು ಎತ್ತಿದ್ದು, ಎಡ ಒಣಗಿದ್ದು, ಬಲ ಒದ್ದೆಯಾಗಿದ್ದು, ಈ ಮೂರಕ್ಕೂ ಬೇರೆ ಬೇರೆ ಪ್ಯಾರಾ ಕೊಟ್ಟಿದ್ದು ಅದಕ್ಕೇ. ಪ್ಯಾರಾ ಮುರಿದರೆ ಪದ ಖರ್ಚಾಗುವುದಿಲ್ಲ, ಓದುವ ವೇಗ ಇಳಿಯುತ್ತದೆ.

ಕೊನೆ ಹೇಗಾಗಬೇಕೆಂಬುದರ ಮೇಲೆ ಹೆಚ್ಚು ಚರ್ಚೆ ನಡೆಯಿತು. ತಬ್ಬುಗೆ ಹೋಯಿತು. ತಿಮ್ಮಣ್ಣ ಬೀಗವನ್ನು ಬಾವಿಗೆ ಎಸೆಯುವುದು ನಾಟಕೀಯವಾಗಿತ್ತು. ಅವನು ಹೋಗಿ ರಂಗನ ಹೊಲಕ್ಕೆ ನೀರು ತಿರುಗಿಸುವುದು ಒಳ್ಳೆಯದೇ ಅನ್ನಿಸಿತ್ತು, ಆದರೆ ಅದು ಉಪಕಾರಕ್ಕೆ ಉಪಕಾರ, ಲೆಕ್ಕ ಚುಕ್ತಾ. ಮುಯ್ಯಿ ತೀರಿಸಿದವನು ನಾಳೆ ಕೋರ್ಟಿಗೂ ಹೋಗಬಹುದು. ಫೋಟೊ ಅಳಿಸಿಹಾಕುವುದು ಇದಕ್ಕಿಂತ ಹತ್ತಿರ ಬಂತು. ಆದರೂ ಫೋಟೊ ಅಳಿಸಿದ್ದು ಅವನಿಗೊಬ್ಬನಿಗೇ ಗೊತ್ತಿರುವ ಕೆಲಸ. ಬದಲಾವಣೆ ಹಿಂದೆ ಹೋಗಲಾಗದಂಥದ್ದು ಆಗಬೇಕಾದರೆ ಇನ್ನೊಬ್ಬ ಮನುಷ್ಯನ ಮುಂದೆ ಆಗಬೇಕು, ಬೆಲೆ ತೆರಬೇಕು. ಲಾಯರಿಗೆ ಹೇಳಿದ ಸುಳ್ಳು ಅಂಥದ್ದು. ಆ ಒಂದು ವಾಕ್ಯದಿಂದ ಅವನ ಕೇಸಿನ ಬುಡವೇ ಹೋಗುತ್ತದೆ. ರಂಗನಿಗೆ ಮಾತ್ರ ಇದು ಗೊತ್ತೇ ಇಲ್ಲ. ನಮಗೆ ಗೊತ್ತಿದೆ, ಅವನಿಗೆ ಗೊತ್ತಿಲ್ಲ ಎಂಬುದರಿಂದಲೇ ಕಥೆ ಮುಗಿದ ಮೇಲೂ ಅವರಿಬ್ಬರ ನಡುವೆ ಆಗಬೇಕಾದದ್ದು ಬಾಕಿ ಉಳಿಯುತ್ತದೆ.

ಓದಿಸಿ ನೋಡಿದ್ದು

ಬರೆದವರಿಗೆ ಇಡೀ ಕಥೆ ಗೊತ್ತಿರುವುದರಿಂದ ಏನು ಬಿಟ್ಟುಹೋಗಿದೆ ಎಂಬುದು ಅವರಿಗೆ ಕಾಣುವುದಿಲ್ಲ. ಇದಕ್ಕೆ ಓದಿಸುವುದೊಂದೇ ದಾರಿ, ಮತ್ತು "ಹೇಗಿದೆ?" ಅಂತ ಕೇಳಬಾರದು. ಓದಿದ ಮೇಲೆ ಹಾಳೆ ಮಡಿಸಿಟ್ಟು, ಏನಾಯಿತು ಹೇಳಿ ಎಂದು ಕೇಳಬೇಕು. ಅವರು ಹೇಳುವ ಕಥೆಯಲ್ಲಿ ಹಿಂದಿನದು, ತಿರುವು, ಕೊನೆಯ ನಿರ್ಧಾರ ಮೂರೂ ಬಂದರೆ ಕಥೆ ದಾಟಿದೆ ಎಂದರ್ಥ.

ಹೀಗೆ ಓದಿಸಿದಾಗ ಎರಡು ಕಡೆ ಎಡವಿದ್ದು ಗೊತ್ತಾಯಿತು. ಒಂದು, ನಗರದಲ್ಲೇ ಬೆಳೆದ ಓದುಗರೊಬ್ಬರು ಎಡಗಡೆಗೂ ನೀರು ಹರಿದಿದೆ ಅಂದುಕೊಂಡಿದ್ದರು. ಕಾರಣ ಆಗಿನ ರೂಪದಲ್ಲಿದ್ದ "ಎಡಗಡೆಯ ಮಡೆ ಕಟ್ಟಿತ್ತು" ಎಂಬ ವಾಕ್ಯ. ಮಡೆ ಕಟ್ಟುವುದೆಂದರೆ ನೀರು ಹೋಗದಂತೆ ಮಣ್ಣು ಹಾಕುವುದು, ಆದರೆ ನೀರು ಕಟ್ಟುವುದೆಂದರೆ ಹೊಲಕ್ಕೆ ನೀರು ಹಾಯಿಸುವುದು. ಎರಡೂ ಹತ್ತಿರ ಹತ್ತಿರ ಬಂದು ಕಲಸಿಹೋಗಿತ್ತು. "ಮುಚ್ಚಿತ್ತು" ಎಂದು ಬದಲಿಸಿದ ಮೇಲೆ, ಮಡೆ ಎಂದರೇನು ಎಂದು ತಿಳಿಯದವರಿಗೂ ಒಣಗಿದ ಸಾಲು ಅದರ ಅರ್ಥವನ್ನು ಹೇಳಿತು. ಆಡುಮಾತಿನ ಪದಗಳನ್ನು ತೆಗೆಯಬೇಕಾಗಿಲ್ಲ. ಪಕ್ಕದಲ್ಲಿ ಅದರ ಪರಿಣಾಮ ಕಾಣುವಂತಿದ್ದರೆ ಆಯಿತು.

ಇನ್ನೊಂದು ಕೊನೆಯ ವಾಕ್ಯದಲ್ಲಿ. ಒಬ್ಬರು ತಿಮ್ಮಣ್ಣನೇ ರಾತ್ರಿ ಜ್ವರದ ಮಂಪರಿನಲ್ಲಿ ಹೋಗಿ ನೀರು ಕಟ್ಟಿ ಮರೆತಿದ್ದಾನೆ ಎಂದು ಓದಿಕೊಂಡರು. ಚಮತ್ಕಾರದ ಕೊನೆಗಳನ್ನು ಓದಿ ಓದಿ ಅಭ್ಯಾಸವಾದವರು ಹಾಗೆ ಹುಡುಕುತ್ತಾರೆ. ಅದಕ್ಕೆ ಎರಡು ತಿದ್ದುಪಡಿ ಬಂದವು. "ಕಾಲು ನಿಲ್ಲಲಿಲ್ಲ", "ಕರೆಂಟು ಹೋಗುವವರೆಗೂ ಆ ಸದ್ದನ್ನೇ ಕೇಳುತ್ತ ಬಿದ್ದುಕೊಂಡಿದ್ದ" ಎಂಬ ಮಾತುಗಳು ಅವನು ಮನೆಯಲ್ಲೇ ಇದ್ದ ಎಂಬುದನ್ನು ಗಟ್ಟಿಮಾಡುತ್ತವೆ. ಕೊನೆಯ ಉತ್ತರಕ್ಕೆ ಮುಂಚೆ ಅವನು ತಮ್ಮನ ಸಾಲುಗಳನ್ನು ನೋಡುತ್ತಿದ್ದ ಎಂಬ ವಾಕ್ಯ, ಆ ಸುಳ್ಳು ಯಾರಿಗಾಗಿ ಎಂಬುದನ್ನು ತೋರಿಸುತ್ತದೆ. ಪದ ಉಳಿಸುವ ಭರದಲ್ಲಿ ಆ ವಾಕ್ಯವನ್ನು ಒಮ್ಮೆ ತೆಗೆದು ನೋಡಿದ್ದೆವು. ತೆಗೆದ ತಕ್ಷಣ ಕೊನೆ ಒಗಟಾಯಿತು.

ಪದ ಎಣಿಕೆಯ ಬಗ್ಗೆಯೂ ಒಂದು ಮಾತು. ಕಂಪ್ಯೂಟರು ಎಣಿಸುವುದು ನಡುವಿನ ಖಾಲಿ ಜಾಗವನ್ನು ನೋಡಿ. ಕನ್ನಡದಲ್ಲಿ ವಿಭಕ್ತಿ, ನಿಷೇಧ, ಕಾಲ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ನಮ್ಮ 300 ಪದದಲ್ಲಿ ಹಿಡಿಸುವುದು ಸಾಕಷ್ಟು ಹೆಚ್ಚು. ಇಂಗ್ಲಿಷಿನಂಥ ಭಾಷೆಗಳ ಕಿರುಗತೆಗಾರರು ಸರ್ವನಾಮ, ಸಹಾಯಕ ಕ್ರಿಯಾಪದಗಳಿಗೆ ಖರ್ಚು ಮಾಡುವ ಜಾಗ ನಮಗೆ ಉಳಿಯುತ್ತದೆ. "ಫೋಟೊ ಹೊಡೆದ" ಎಂದರೆ ಸಾಕು, ಯಾರು ಎಂದು ಹೇಳಬೇಕಿಲ್ಲ. ಈ ಅನುಕೂಲವನ್ನು ಬಿಟ್ಟು, ಬಿಡಿಸಿ ಬರೆಯಬೇಕಾದ ಪದಗಳನ್ನೆಲ್ಲ ಸಂಧಿ ಮಾಡಿ ಅಂಟಿಸಿ ಎಣಿಕೆ ತಗ್ಗಿಸುವವರಿದ್ದಾರೆ. ಅದರಿಂದ ಕಥೆ ಚಿಕ್ಕದಾಗುವುದಿಲ್ಲ, ಓದಲು ಗಟ್ಟಿಯಾಗುತ್ತದೆ ಅಷ್ಟೆ. ಜೋರಾಗಿ ಓದಿ ನೋಡಿದರೆ ಗೊತ್ತಾಗುತ್ತದೆ. ಈ ಕಥೆಯನ್ನು ಜೋರಾಗಿ ಓದುತ್ತಲೇ ಲಕ್ಕಮ್ಮನ ಮಾತೊಂದನ್ನು ಕೈಬಿಟ್ಟೆವು. ಅವಳು ಮೈದುನನ ಪರ ಒಂದು ಮಾತಾಡಿದ್ದಳು, ಅದು ಮುಂದಿನ ತಿರುವಿನ ಸುಳಿವು ಕೊಟ್ಟುಬಿಡುತ್ತಿತ್ತು.

ಕಳೆದುಕೊಂಡದ್ದೂ ಇದೆ. ಮೂಲ ಕಥೆಯಲ್ಲಿ ಓರಗಿತ್ತಿಯರ ಜಗಳದ ಭಾಗ ತುಂಬ ಜೀವಂತವಾಗಿತ್ತು. ಬಿಂದಿಗೆ ಹಿಡಿದು ಮೋಟಾರಿನ ಹತ್ತಿರ ಎದುರಾದಾಗ ಇಬ್ಬರೂ ಮಾತಾಡದೆ, ಒಬ್ಬಳ ಬಿಂದಿಗೆ ತುಂಬುವವರೆಗೂ ಇನ್ನೊಬ್ಬಳು ಬೆನ್ನು ತಿರುಗಿಸಿ ನಿಲ್ಲುವ ಒಂದು ದೃಶ್ಯವಿತ್ತು. ಅದಕ್ಕೆ ಇಲ್ಲಿ ಎಡೆಯೇ ಇರಲಿಲ್ಲ. ರಂಗ ಆ ರಾತ್ರಿ ಏಕೆ ಹೊರಟ ಎಂಬುದೂ ಹೋಯಿತು. ಕರೆಂಟು ಬಂದು ಹೊತ್ತಾದರೂ ಅಣ್ಣನ ಮೋಟಾರು ಓಡದ್ದನ್ನು ಕೇಳಿಸಿಕೊಂಡು, ಹಾಸಿಗೆಯಲ್ಲಿ ಹೊರಳಾಡಿ, ಬೀಗದಕೈ ಹುಡುಕಿಕೊಂಡು, ಮುಟ್ಟಿದರೆ ಕೋರ್ಟಿನಲ್ಲಿ ತನ್ನ ಮೇಲೇ ಬರುತ್ತದೆಂದು ಗೊತ್ತಿದ್ದೂ ಎದ್ದು ಹೋಗುವುದಿದೆಯಲ್ಲ, ಅದರಲ್ಲಿ ಇನ್ನೊಂದು ಪೂರ್ತಿ ಕಥೆಯಿದೆ. ಅದನ್ನು ಇದರೊಳಗೆ ಒಂದು ಸಾಲಾಗಿ ತುರುಕಬೇಡಿ ಎಂದು ಗೆಳೆಯರಿಗೆ ಹೇಳಿದೆ. ಅವರೀಗ ಅದನ್ನು ಬೇರೆಯಾಗಿಯೇ, ರಂಗನ ಕಡೆಯಿಂದ, ಇದೇ 300 ಪದದ ಮಿತಿಯಲ್ಲಿ ಬರೆಯುತ್ತಿದ್ದಾರೆ. ಅದರಲ್ಲಿ ತಿಮ್ಮಣ್ಣನೂ ಲಾಯರೂ ಬರುವುದಿಲ್ಲ.